ತೂಕ ಇಳಿಯಿತು, ಮಣೆಯಿಂದ ಏಳಲಾಗಲಿಲ್ಲ

ತೀರ್ಥಹಳ್ಳಿ ಕಡೆಯ 67 ವರ್ಷದ ಅಮ್ಮ. ಮಂಡಿನೋವಿಗೆ ತೂಕ ಇಳಿಸಿ ಎಂದು ಯಾರೋ ಹೇಳಿದ್ದರು. ನಾಲ್ಕು ತಿಂಗಳಲ್ಲಿ 72 ಕೆ.ಜಿ.ಯಿಂದ 61ಕ್ಕೆ ಇಳಿದಿದ್ದರು. ಮನೆಯವರಿಗೆಲ್ಲ ಖುಷಿ. ಅವರು ಮಾತ್ರ, "ಮಂಡಿ ಪರವಾಗಿಲ್ಲ ಡಾಕ್ಟ್ರೇ, ಆದ್ರೆ ಮಣೆ ಮೇಲೆ ಕೂತ್ರೆ ಗೋಡೆ ಹಿಡೀದೆ ಏಳೋಕಾಗಲ್ಲ" ಎಂದರು.

ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದೆ. 19 ಸೆಕೆಂಡು ಹಿಡಿಯಿತು. 12 ಅಥವಾ ಅದಕ್ಕಿಂತ ಹೆಚ್ಚಾದರೆ ಸ್ನಾಯು ಕುಗ್ಗಿರಬಹುದೆಂದು ನಾವು ಅನುಮಾನಿಸುತ್ತೇವೆ. ಮಂಡಿನೋವೂ ನಿಧಾನ ಮಾಡಿಸಬಹುದು. ಆದರೆ ಇವರಿಗೆ ನೋವು ಕಡಿಮೆಯಾದ ಮೇಲೆ ತ್ರಾಣ ಹೋಗಿತ್ತು.

ಊಟ ಬಿಟ್ಟು ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ. ಸ್ನಾಯುವೂ ಅದರಲ್ಲಿ ಸೇರಿರುತ್ತದೆ. ವಯಸ್ಸಾದಂತೆ ಸ್ನಾಯು ಕಟ್ಟಿಕೊಳ್ಳುವುದು ನಿಧಾನ. ಮತ್ತೆ ತೂಕ ಏರಿದರೂ ಹೆಚ್ಚಾಗಿ ಕೊಬ್ಬೇ ಮರಳುತ್ತದೆ. ಮೂಳೆಯ ಕಥೆಯೂ ಹೀಗೆಯೇ: ಹೊರೆ ಕಡಿಮೆಯಾದಂತೆ, ಅದರಲ್ಲೂ ಸೊಂಟದ ಕೀಲಿನಲ್ಲಿ, ಸಾಂದ್ರತೆ ಇಳಿಯುತ್ತದೆ. ಕಾಲಿನ ಬಲವೂ ಹೋದರೆ ಬಿದ್ದು ಮುರಿಯುವುದು ಸುಲಭ, ಮಳೆಗಾಲದ ಪಾಚಿ ಅಂಗಳದಲ್ಲಂತೂ ಕೇಳುವುದೇ ಬೇಡ.

ಏನು ತಿನ್ನುತ್ತೀರಿ ಎಂದೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ತುಸು ಅನ್ನ ತಿಳಿಸಾರು, ರಾತ್ರಿ ಸೌತೆಕಾಯಿ, ಮಜ್ಜಿಗೆ. ಲೆಕ್ಕ ಹಾಕಿದರೆ ದಿನಕ್ಕೆ 20 ಗ್ರಾಂ ಆಸುಪಾಸಿನ ಪ್ರೊಟೀನ್. ಈ ವಯಸ್ಸಿಗೆ ಬೇಕಾದ್ದು ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ, ಇವರಿಗೆ ಸುಮಾರು 65. ಅದನ್ನು ಒಂದೇ ಊಟಕ್ಕೆ ತುಂಬದೆ ಮೂರಕ್ಕೂ ಹಂಚಿದೆವು. ಬೆಳಿಗ್ಗೆ ಎರಡು ಮೊಟ್ಟೆ, ಅಕ್ಕಿ ರೊಟ್ಟಿ, ಒಂದು ಲೋಟ ಹಾಲು. ಮಧ್ಯಾಹ್ನ 40 ಗ್ರಾಂ ಹೆಸರುಕಾಳಿನ ಗಟ್ಟಿ ಪಲ್ಯ, ಅನ್ನ, ಮೊಸರು. ಹುರುಳಿ ಬೇಯಿಸಿದ ಕಟ್ಟನ್ನಷ್ಟೇ ಸಾರು ಮಾಡಿ ಕಾಳನ್ನು ದನಕ್ಕೆ ಹಾಕುವ ಮನೆಗಳಿವೆ; ಪ್ರೊಟೀನ್ ಹೆಚ್ಚಿನಂಶ ಉಳಿಯುವುದು ಕಾಳಿನಲ್ಲೇ! ರಾತ್ರಿ 100 ಗ್ರಾಂ ಮೀನು. ಸಸ್ಯಾಹಾರಿಗಳಿಗೆ ಸೋಯಾ ತುಂಡು 30 ಗ್ರಾಂ ಆದರೆ 15 ಗ್ರಾಂ ಪ್ರೊಟೀನ್ ಸಿಗುತ್ತದೆ. ಇದಕ್ಕೂ ಮೊದಲು ರಕ್ತದ ಕ್ರಿಯಾಟಿನಿನ್ ನೋಡಿದೆ. ಕಿಡ್ನಿ ತೊಂದರೆಯಿದ್ದವರಿಗೆ ಈ ಲೆಕ್ಕ ಹೊಂದದು.

ಪ್ರೊಟೀನ್ ಒಂದರಿಂದಲೇ ಸ್ನಾಯು ಬೆಳೆಯುವುದಿಲ್ಲ, ಅದಕ್ಕೆ ಕೆಲಸ ಕೊಡಬೇಕು. ತೋಟ ಸುತ್ತುವ ನಡಿಗೆ ಹೃದಯಕ್ಕೆ ಒಳ್ಳೆಯದು, ತೊಡೆಗೆ ಸಾಲದು. ವಾರಕ್ಕೆ ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಎರಡೂ ಎಂಟೆಂಟು ಸಲ, ಎರಡು ಸುತ್ತು. ಸಲೀಸಾದಾಗ ಎದೆಗೆ ಎರಡು ಕೆ.ಜಿ. ಅಕ್ಕಿ ಚೀಲ ಅವಚಿಕೊಂಡು ಏಳುವುದು. ಕೊನೆಯ ಎರಡು ಸಲ ಕಷ್ಟವಾಗಬೇಕು, ಇಲ್ಲದಿದ್ದರೆ ಭಾರ ಸಾಲದು.

ಮೂರು ತಿಂಗಳಿಗೆ ಬಂದಾಗ ಅದೇ ಪರೀಕ್ಷೆ 13 ಸೆಕೆಂಡಿನಲ್ಲಿ ಮುಗಿಯಿತು. ಮೂಳೆ ಇಷ್ಟು ಬೇಗ ಬದಲಾಗದು. ಮೊದಲ ಸಲ ಬಂದಾಗ ಮಾಡಿಸಿದ್ದ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನನ್ನು ಒಂದೆರಡು ವರ್ಷ ಬಿಟ್ಟು ಮತ್ತೆ ಮಾಡಿಸಿದರೆ ಸಾಕು. ಅಮ್ಮನಿಗೆ ಮಾತ್ರ ಬೇಸರ: "ಒಂದು ಕೆ.ಜಿ. ಏರಿದೆಯಲ್ಲ ಡಾಕ್ಟ್ರೇ?" ಮಣೆಯಿಂದ ಏಳುವುದು ಹೇಗಿದೆ ಎಂದೆ. "ಅದಾ? ಏಳ್ತೀನಿ."