ಮೂರೂ ಫೇಸ್ ತಣ್ಣಗಿತ್ತು, ನ್ಯೂಟ್ರಲ್ ಮಾತ್ರ ಸುಡ್ತಿತ್ತು

ಬೆಂಗಳೂರಲ್ಲಿ ಒಂದು ಚಿಕ್ಕ ಆಫೀಸು, ಎರಡು ಫ್ಲೋರು, 110 ಸೀಟು. ಪ್ರತಿ ಸೀಟಿಗೆ ಒಂದು ಲ್ಯಾಪ್‌ಟಾಪು ಒಂದು ಮಾನಿಟರು, ಸೀಲಿಂಗಲ್ಲಿ 160 ಎಲ್‌ಇಡಿ ಪ್ಯಾನೆಲ್ಲು. ಎಸಿಗೆ ಬೇರೆ ಲೈನ್ ಇದೆ, ಅದನ್ನ ಬಿಟ್ಬಿಡಿ. ಕರೆಂಟ್ ಹಂಚೋ ಡಿಬಿ ಬಾಕ್ಸ್ ಹತ್ರ ಪ್ಲಾಸ್ಟಿಕ್ ಸುಟ್ಟ ವಾಸನೆ ಬರ್ತಿದೆ ಅಂತ ಫೋನ್ ಬಂತು, ಹೋಗಿ ಕವರ್ ತೆಗೆದು ನೋಡಿದ್ರೆ ಆರ್ ವೈ ಬಿ ಮೂರೂ ಫೇಸಿನ ವೈರು ಹೊಸದರ ಥರ ಇದೆ, ಕರೆಂಟು ವಾಪಸ್ ಹೋಗೋ ಕಪ್ಪು ನ್ಯೂಟ್ರಲ್ ವೈರಿನ ಇನ್ಸುಲೇಷನ್ ಮಾತ್ರ, ನ್ಯೂಟ್ರಲ್‌ಗಳೆಲ್ಲ ಸೇರೋ ಲಿಂಕ್ ಹತ್ರ ಗಟ್ಟಿಯಾಗಿ ಒಡೆದು ಸಿಪ್ಪೆ ಏಳ್ತಾ ಇತ್ತು.

ಅಲ್ಲಿನ ಎಲೆಕ್ಟ್ರಿಷಿಯನ್ ಒಳ್ಳೆ ಕೆಲಸಗಾರ, ಅನುಭವಸ್ಥ. "ಸಾರ್, ಲೋಡ್ ಬ್ಯಾಲೆನ್ಸ್ ಪಕ್ಕಾ ಇದೆ, ಮೂರೂ ಫೇಸಲ್ಲಿ ಹದಿನಾಲ್ಕು ಹದಿನೈದು ಆಂಪಿಯರ್, ನ್ಯೂಟ್ರಲ್‌ನಲ್ಲಿ ಏನೂ ಇರಬಾರ್ದು" ಅಂದ್ರು. ಅವರು ಹೇಳಿದ್ದು ಅವರು ಕಲಿತ ಕಾಲಕ್ಕೆ ನೂರಕ್ಕೆ ನೂರು ಸರಿ. ಮೂರು ಫೇಸಿನ ಕರೆಂಟು ಒಂದರ ಹಿಂದೆ ಒಂದು, ಸೈಕಲ್‌ನ ಮೂರನೇ ಒಂದು ಭಾಗ ತಡವಾಗಿ ಏರಿಳಿಯುತ್ತೆ, ಹಾಗಾಗಿ ಬಲ್ಬು, ಹೀಟರ್ ಥರದ ಲೋಡ್ ಮೂರರಲ್ಲೂ ಸಮ ಇದ್ರೆ ಒಂದು ಫೇಸಿಂದ ಬಂದಿದ್ದು ಉಳಿದೆರಡರಲ್ಲಿ ವಾಪಸ್ ಹೋಗ್ಬಿಡುತ್ತೆ, ನ್ಯೂಟ್ರಲ್‌ಗೆ ಕೆಲಸವೇ ಇರಲ್ಲ. ಅದೇ ನಂಬಿಕೆ ಮೇಲೆ ನಮ್ಮಲ್ಲಿ ಮೂರೂವರೆ ಕೋರ್ ಕೇಬಲ್ ಅಂತ ಬಂದಿದ್ದು, ಆ ಅರ್ಧ ಕೋರೇ ನ್ಯೂಟ್ರಲ್ಲು. ಈ ಆಫೀಸಲ್ಲೂ ಫೇಸಿಗೆ 4 ಸ್ಕ್ವೇರ್ ಎಂಎಂ ತಾಮ್ರ ಎಳೆದು ನ್ಯೂಟ್ರಲ್‌ಗೆ 2.5 ಎಳೆದಿದ್ರು, ದುಡ್ಡು ಉಳೀತು ಅಂತ.

ನಾನು ಟ್ರೂ ಆರ್‌ಎಂಎಸ್, ಅಂದ್ರೆ ಅಲೆಯ ಆಕಾರ ಹೇಗಿದ್ರೂ ಸರಿಯಾಗಿ ಅಳೆಯೋ ಕ್ಲ್ಯಾಂಪ್ ಮೀಟರ್ ಹಾಕಿದೆ. ಫೇಸಲ್ಲಿ 20, 19, 20 ಆಂಪಿಯರ್. ನ್ಯೂಟ್ರಲ್‌ನಲ್ಲಿ 33! ಎಲೆಕ್ಟ್ರಿಷಿಯನ್ ಮುಖ ನೋಡ್ಬೇಕಿತ್ತು. (ಅವರ ಹಳೇ ಟಾಂಗ್ ಟೆಸ್ಟರ್ ಸರಾಸರಿ ಅಳೆದು, ಇದು ಶುದ್ಧ ಸೈನ್ ವೇವ್ ಅಂದ್ಕೊಂಡು ಲೆಕ್ಕ ಹಾಕೋ ಜಾತಿ, ಅದಕ್ಕೇ ಫೇಸಲ್ಲೂ ಕಮ್ಮಿ ತೋರಿಸ್ತಿತ್ತು. ನ್ಯೂಟ್ರಲ್‌ಗೆ ಅದನ್ನ ಯಾರೂ ಹಾಕೇ ಇರ್ಲಿಲ್ಲ.)

ಹೋಗಿದ್ದೆಲ್ಲಾ ವಾಪಸ್ ಬರೋ ದಾರೀಲಿ ಫೇಸಿಗಿಂತ ಜಾಸ್ತಿ ಕರೆಂಟು ಹೇಗೆ ಬಂತು ಅನ್ನೋದೇ ಇಲ್ಲಿ ಮಜಾ ಇರೋ ವಿಷಯ. ಲ್ಯಾಪ್‌ಟಾಪ್ ಚಾರ್ಜರ್ ಒಳಗೆ, ಅಗ್ಗದ ಎಲ್‌ಇಡಿ ಡ್ರೈವರ್ ಒಳಗೆ, ಮೊದಲು ನಾಲ್ಕು ಡಯೋಡು, ಆಮೇಲೆ ಒಂದು ಕೆಪ್ಯಾಸಿಟರ್ ಇರುತ್ತೆ. ನಮ್ಮ 230 ವೋಲ್ಟಿನ ತುದಿ 325 ವೋಲ್ಟ್ ಮುಟ್ಟುತ್ತೆ, ಕೆಪ್ಯಾಸಿಟರ್ ಅಲ್ಲಿ ತನಕ ತುಂಬ್ಕೊಂಡು ಕೂತಿರುತ್ತೆ. ಮೇನ್ಸ್ ವೋಲ್ಟೇಜು ಅದಕ್ಕಿಂತ ಕೆಳಗಿದ್ದಾಗ ಡಯೋಡ್ ಬಾಗಿಲು ಮುಚ್ಚಿರುತ್ತೆ, ಕರೆಂಟೇ ಇಲ್ಲ, ತುದಿ ಹತ್ರ ಬಂದಾಗ ಮಾತ್ರ ಎರಡು ಮೂರು ಮಿಲಿಸೆಕೆಂಡು ಬಾಗಿಲು ತೆಗೆದು ಗಬಗಬ ಅಂತ ಒಂದೇ ಸಲ ಎಳ್ಕೊಳ್ಳುತ್ತೆ. ಕಾರ್ಪೊರೇಷನ್ ನೀರಲ್ಲಿ ಪ್ರೆಶರ್ ಏರಿದ ಅರ್ಧ ಗಂಟೇಲೇ ಮೇಲಿನ ಟ್ಯಾಂಕು ತುಂಬ್ಕೊಳ್ಳೋ ಮನೆ ಥರ. 10 ಮಿಲಿಸೆಕೆಂಡಿನ ಅರ್ಧ ಸೈಕಲ್‌ನಲ್ಲಿ ಉಳಿದ ಹೊತ್ತೆಲ್ಲಾ ಸುಮ್ನೆ.

ಈಗ ಮೂರೂ ಫೇಸ್ ಒಟ್ಟಿಗೆ ನೋಡಿ. ಮೂರರ ತುದಿ ಬರೋದು ಬೇರೆ ಬೇರೆ ಹೊತ್ತಿಗೆ. ಆರ್ ಫೇಸ್ ಕರೆಂಟ್ ಎಳೆಯೋವಾಗ ವೈ, ಬಿ ಎರಡೂ ಬಾಗಿಲು ಹಾಕ್ಕೊಂಡು ಕೂತಿರ್ತವೆ, ಹಾಗಿದ್ಮೇಲೆ ಆರ್ ಕರೆಂಟು ಅವುಗಳ ಮೂಲಕ ವಾಪಸ್ ಹೋಗೋದು ಹೇಗೆ, ನ್ಯೂಟ್ರಲ್ಲೇ ಗತಿ. ಒಂದನ್ನ ಒಂದು ಹೊಡೆದುಹಾಕ್ಬೇಕಾದ್ರೆ ಇಬ್ರೂ ಒಂದೇ ಹೊತ್ತಿಗೆ ಅಲ್ಲಿರ್ಬೇಕಲ್ವಾ? ಒಂದು ಸೈಕಲ್ ಅಂದ್ರೆ 20 ಮಿಲಿಸೆಕೆಂಡಲ್ಲಿ ಪ್ರತಿ ಫೇಸಿಂದ ಒಂದು ಪ್ಲಸ್ ಒಂದು ಮೈನಸ್ ಹೊಡೆತ, ಒಟ್ಟು ಆರು ಹೊಡೆತ ನ್ಯೂಟ್ರಲ್ ಮೇಲೆ ಬೀಳುತ್ತೆ, ಅದೂ ಪ್ಲಸ್ ಮೈನಸ್ ಪ್ಲಸ್ ಮೈನಸ್ ಅಂತ ಒಂದು ಬಿಟ್ಟು ಒಂದು. ಅಂದ್ರೆ 50 ಹರ್ಟ್ಸ್ ಬಿಲ್ಡಿಂಗಲ್ಲಿ ನ್ಯೂಟ್ರಲ್ ಮಾತ್ರ 150 ಹರ್ಟ್ಸ್‌ನಲ್ಲಿ ಕುಣೀತಿರುತ್ತೆ. ಥರ್ಡ್ ಹಾರ್ಮಾನಿಕ್ ಅಂತ ಕರೆಯೋದು ಇದನ್ನೇ.

ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತೆ. ಒಂದು ಫೇಸಿನ ಹೊಡೆತಗಳು ಕೊಡೋ ಬಿಸಿಯ ಮೂರರಷ್ಟು ನ್ಯೂಟ್ರಲ್‌ಗೆ ಬೀಳುತ್ತೆ, ಅಂದ್ರೆ ಕರೆಂಟು 3ರ ವರ್ಗಮೂಲದಷ್ಟು, ಫೇಸಿನ 1.73 ಪಟ್ಟು. ಅದೇ ಗರಿಷ್ಠ ಮಿತಿ, ಹೊಡೆತಗಳು ಒಂದರ ಮೇಲೆ ಒಂದು ಬೀಳೋಕೆ ಶುರುವಾದ್ರೆ ಕಮ್ಮಿಯಾಗುತ್ತೆ. ನಮ್ಮದು ಸುಮಾರು 1.65. ಸರಿ, 33ರ ವರ್ಗ 1089, 20ರ ವರ್ಗ 400, ಅದರ ಮೇಲೆ ವೈರು ಬೇರೆ ಸಣ್ಣದು, ಅದರ ರೆಸಿಸ್ಟೆನ್ಸು ಫೇಸ್ ವೈರಿನ 1.6 ಪಟ್ಟು. ಲೆಕ್ಕ ಹಾಕಿದ್ರೆ ಒಂದು ಫೇಸ್ ವೈರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬಿಸಿ, ಅದೂ ಅದೇ ಪೈಪಿನೊಳಗೆ. ಓವರ್‌ಲೋಡ್ ಆದ್ರೆ ಟ್ರಿಪ್ ಆಗ್ಬೇಕಾದ, ಮೇಲಿರೋ 32 ಆಂಪಿಯರ್ ಟಿಪಿಎನ್ ಎಂಸಿಬಿಗೆ ಇದು ಗೊತ್ತೇ ಆಗಲ್ಲ, ಅದು ನೋಡೋದು ಫೇಸ್ ಮಾತ್ರ, ಫೇಸಲ್ಲಿ ಬರೀ 20.

ಇನ್ನೊಂದು ಅನುಮಾನ ಬರುತ್ತೆ, ಈಗಿನ ಕಂಪ್ಯೂಟರ್ ಸಪ್ಲೈಗಳಲ್ಲಿ ಪಿಎಫ್‌ಸಿ ಸರ್ಕ್ಯೂಟ್ ಇರುತ್ತಲ್ಲ, ಕರೆಂಟನ್ನ ಸೈನ್ ಆಕಾರಕ್ಕೆ ತರುತ್ತಲ್ಲ ಅಂತ. ದೊಡ್ಡವುಗಳಲ್ಲಿ ಇರುತ್ತೆ ನಿಜ. ಆದ್ರೆ ಐಇಸಿ 61000-3-2 ಅನ್ನೋ ಅಂತರರಾಷ್ಟ್ರೀಯ ನಿಯಮದಲ್ಲಿ ಕಂಪ್ಯೂಟರ್, ಮಾನಿಟರ್ ಥರದ ಸಾಮಾನಿಗೆ ಮಿತಿ ಶುರುವಾಗೋದೇ 75 ವ್ಯಾಟಿನ ಮೇಲೆ, ಲ್ಯಾಪ್‌ಟಾಪ್ ಚಾರ್ಜರ್ ಎಷ್ಟೋ 65 ವ್ಯಾಟಿಗೇ ನಿಲ್ತವೆ. ಲೈಟಿಗೆ 25 ವ್ಯಾಟ್ ದಾಟಿದ್ರೆ ಕಟ್ಟುನಿಟ್ಟು, ಒಳಗಿದ್ರೆ ಸಡಿಲ, ಥರ್ಡ್ ಹಾರ್ಮಾನಿಕ್ಕು ಮುಖ್ಯ ಕರೆಂಟಿನ 86% ತನಕ ಇದ್ರೂ ಪಾಸ್ ಆಗೋ ದಾರಿ ಇದೆ. ನಮ್ಮ ಪ್ಯಾನೆಲ್ಲು 18 ವ್ಯಾಟು. ಒಂದೊಂದೂ ಕಾನೂನಿನ ಪ್ರಕಾರ ಒಳ್ಳೆ ಹುಡುಗನೇ, ತೊಂದ್ರೆ ಬಂದಿದ್ದು ನೂರಾರು ಸೇರಿದ್ದಕ್ಕೆ.

ನಿಮ್ಮಲ್ಲೂ ಹೀಗಾ ಅಂತ ತಿಳ್ಕೊಳ್ಳೋಕೆ ದುಬಾರಿ ಅನಲೈಜರ್ ಬೇಕಿಲ್ಲ, ಹರ್ಟ್ಸ್ ತೋರಿಸೋ ಕ್ಲ್ಯಾಂಪ್ ಮೀಟರ್ ಸಾಕು. ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಎಲ್ಲಾ ಸೀಟು ತುಂಬಿರೋವಾಗ, ನ್ಯೂಟ್ರಲ್ ಮೇಲೆ ಹಾಕಿ. 50 ಅಂತ ಬಂದ್ರೆ ಬರೀ ಲೋಡ್ ಏರುಪೇರು, ಎಲೆಕ್ಟ್ರಿಷಿಯನ್ ಸರ್ಕ್ಯೂಟ್ ಬದಲಾಯಿಸಿ ಸರಿ ಮಾಡ್ತಾರೆ. 150 ಅಂತ ಬಂದ್ರೆ ಎಷ್ಟು ಬ್ಯಾಲೆನ್ಸ್ ಮಾಡಿದ್ರೂ ಅದು ಹೋಗಲ್ಲ, ಅಲ್ಲಿ ಸುಮ್ನೆ ಟೈಮ್ ಕಳೀಬೇಡಿ. ಕರೆಂಟ್ ಇರೋ ಡಿಬಿ ತೆಗೆಯೋದು ಮಾತ್ರ ಗೊತ್ತಿರೋರ ಕೈಲೇ ಆಗ್ಬೇಕು.

ವೈರು ಸುಡೋದಕ್ಕಿಂತ ನನಗೆ ಭಯ ಆಗೋದು ಆ ಲಿಂಕಿನದು. ಬಿಸಿಯಾಗಿ ತಣ್ಣಗಾಗಿ ಸ್ಕ್ರೂ ಸಡಿಲ ಆಗುತ್ತೆ, ಸಡಿಲ ಆದ್ರೆ ಇನ್ನೂ ಬಿಸಿ, ಒಂದಿನ ನ್ಯೂಟ್ರಲ್ ಕಟ್ಟೇ ಆಗ್ಬಿಟ್ರೆ ಎರಡು ಫೇಸಿನ ಲೋಡು ಸುಮಾರು 400 ವೋಲ್ಟಿಗೆ ಸರಣಿಯಾಗಿ ನಿಂತ್ಕೊಳ್ಳುತ್ತೆ, ಆಗ ಕಮ್ಮಿ ಲೋಡ್ ಇರೋ ಕಡೆ ವೋಲ್ಟೇಜು ಮುನ್ನೂರು ದಾಟಿ ಹೋಗುತ್ತೆ, ನಮ್ಮ ಏರಿಯಾದಲ್ಲಿ "ನ್ಯೂಟ್ರಲ್ ಹೋಗಿ ಟಿವಿ ಢಮಾರ್" ಅಂತಾರಲ್ಲ, ಅದೇ.

ನಾವು ಮಾಡಿದ್ದು ಇಷ್ಟೇ. ನ್ಯೂಟ್ರಲ್‌ಗೆ 10 ಸ್ಕ್ವೇರ್ ಎಂಎಂ ತಾಮ್ರ ಹಾಕಿದ್ವಿ, ಲಿಂಕ್ ಹೊಸದು ಕೂರಿಸಿದ್ವಿ, ಅಷ್ಟಕ್ಕೇ ಬಿಸಿ ಕಾಲು ಭಾಗಕ್ಕೆ ಇಳೀತು. ಮೂರು ಫೇಸಿಗೂ ಬೇರೆ ಬೇರೆ ನ್ಯೂಟ್ರಲ್ ಎಳೆಯೋದು ಇನ್ನೂ ಒಳ್ಳೇದು, ಆದ್ರೆ ಪೈಪಲ್ಲಿ ಜಾಗ ಇರ್ಲಿಲ್ಲ. ಹಾರ್ಮಾನಿಕ್ ಫಿಲ್ಟರ್ ಮಾರೋರು ಒಬ್ರು ಬಂದಿದ್ರು, ಹತ್ತು ಕಿಲೋವ್ಯಾಟಿನ ಆಫೀಸಿಗೆ ಅದು ಅತಿ ಅನ್ನಿಸ್ತು. ಬದಲಿಗೆ ಹಾಳಾದ ಪ್ಯಾನೆಲ್ ಬದಲಾಯಿಸೋವಾಗೆಲ್ಲ ಪವರ್ ಫ್ಯಾಕ್ಟರ್ 0.9ರ ಮೇಲೆ, ಟಿಎಚ್‌ಡಿ ಅಂದ್ರೆ ಒಟ್ಟು ಹಾರ್ಮಾನಿಕ್ ಪಾಲು 20%ರ ಒಳಗೆ ಅಂತ ಬರೆದಿರೋ ಡ್ರೈವರನ್ನೇ ತರೋಕೆ ಹೇಳಿದೆ. ಪ್ಯಾನೆಲ್ಲೆಲ್ಲಾ ಬದಲಾದ್ಮೇಲೆ ಹೋಗಿ ಅಳೆದಾಗ ನ್ಯೂಟ್ರಲ್‌ನಲ್ಲಿ 25 ಆಂಪಿಯರ್ ಇತ್ತು, ಫ್ರೀಕ್ವೆನ್ಸಿ ಮಾತ್ರ ಅದೇ 150, ಚಾರ್ಜರ್‌ಗಳು ಇನ್ನೂ ಹಳೇವೇ ಅಲ್ವಾ.