1.1, 1.2, 1.10: ಕರಾರಿನ ಕಲಮುಗಳಿಗೆ ನಂಬರ್ ಹಾಕುವ ಬಗೆ

ಬಾಡಿಗೆ ಕರಾರನ್ನೋ ಕಂಪನಿಯ ರಜೆ ನಿಯಮವನ್ನೋ ತೆರೆದರೆ ಎಡಗಡೆ 1.1, 1.2, 1.2.1 ಅಂತ ಸಾಲಾಗಿ ನಂಬರ್ ಕಾಣುತ್ತದೆ. ಮೊದಲ ಅಂಕಿ ಮುಖ್ಯ ವಿಷಯದ್ದು, ಚುಕ್ಕೆಯ ನಂತರದ್ದು ಅದರೊಳಗಿನ ಕಲಮಿನದು. 4 ಅಂದರೆ ಅಡ್ವಾನ್ಸ್ ಎಂದಾದರೆ, 4.3 ಅಡ್ವಾನ್ಸ್ ಬಗ್ಗೆ ಇರುವ ಮೂರನೇ ಮಾತು. ಈ ಚುಕ್ಕೆಗೂ ಲೆಕ್ಕದ ದಶಮಾಂಶಕ್ಕೂ ಸಂಬಂಧವಿಲ್ಲ. 4.9 ಆದಮೇಲೆ ಬರುವುದು 4.10. ಅದು 4.1 ಅಲ್ಲ!

ನಂಬರ್ ಇರುವುದು ಬರೀ ಅಂದಕ್ಕಲ್ಲ. ಒಂದು ಕಲಮು ಇನ್ನೊಂದನ್ನು ಕರೆಯುವುದು ಅದರ ನಂಬರಿನಿಂದಲೇ. ಎಡವಟ್ಟು ಶುರುವಾಗುವುದೂ ಅಲ್ಲೇ.

ಒಂದು ಬಾಡಿಗೆ ಕರಾರು ಹೀಗಿದೆ ಅನ್ನಿ. 4.1: ಓನರ್ ಒಂದು ಲಕ್ಷ ಅಡ್ವಾನ್ಸ್ ಪಡೆದಿದ್ದಾರೆ. 4.2: ಮನೆ ಬಿಟ್ಟ 15 ದಿನದಲ್ಲಿ ಅದನ್ನು ವಾಪಸ್ ಕೊಡಬೇಕು. 4.3: ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಬಹುದು. ಮುಂದೆ 7.2 ಹೇಳುತ್ತದೆ: ಬಾಡಿಗೆದಾರರು ಎರಡು ವರ್ಷ ಪೂರ್ತಿ ಇದ್ದರೆ 4.3 ಅನ್ವಯಿಸುವುದಿಲ್ಲ.

ಸಹಿಗೆ ಮುಂಚೆ ಓನರ್, 'ಅಡ್ವಾನ್ಸ್‌ಗೆ ಬಡ್ಡಿ ಇಲ್ಲ ಅಂತ ಒಂದು ಸಾಲು ಸೇರಿಸಿ' ಅನ್ನುತ್ತಾರೆ. ಅದು ಹೊಸ 4.2 ಆಗಿ ಕೂರುತ್ತದೆ. ವಾಪಸ್ ಕೊಡುವ ಮಾತು 4.3ಕ್ಕೆ, ಪೇಂಟಿಂಗ್ 4.4ಕ್ಕೆ ಜಾರುತ್ತವೆ. ಆದರೆ 7.2ರಲ್ಲಿ ಕೈಯಾರೆ ಟೈಪ್ ಮಾಡಿದ '4.3' ಹಾಗೇ ಉಳಿಯುತ್ತದೆ. ಈಗ ಓದಿ ನೋಡಿ: ಎರಡು ವರ್ಷ ಇದ್ದವರಿಗೆ ಅಡ್ವಾನ್ಸ್ ವಾಪಸ್ ಕೊಡುವ ಕಲಮೇ ಅನ್ವಯಿಸುವುದಿಲ್ಲ! ಬಾಡಿಗೆದಾರರಿಗೆ ಅನುಕೂಲ ಮಾಡಲು ಬರೆದ ಸಾಲು ಅವರ ಕುತ್ತಿಗೆಗೇ ಬಂತು, ಅಲ್ವಾ?

ವರ್ಡ್‌ನಲ್ಲಿ ಇದಕ್ಕೆ ದಾರಿ ಇದೆ. ನಂಬರನ್ನು Multilevel List ಮೂಲಕ ಹಾಕಿ. 7.2ರ ಒಳಗಿನ ಉಲ್ಲೇಖವನ್ನು ಟೈಪ್ ಮಾಡದೆ Cross-reference ಮೂಲಕ ಸೇರಿಸಿ. ಆದರೂ ಅದು ತಾನಾಗಿಯೇ ಕೂಡಲೇ ಬದಲಾಗುವುದಿಲ್ಲ. ಕೊನೆಗೆ `Ctrl+A` ಒತ್ತಿ, ಆಮೇಲೆ `F9` ಒತ್ತಬೇಕು. ಕರೆದ ಕಲಮನ್ನೇ ಯಾರಾದರೂ ಅಳಿಸಿದ್ದರೆ ಆ ಜಾಗದಲ್ಲಿ `Error! Reference source not found.` ಅಂತ ಬರುತ್ತದೆ. ನೋಡಲು ಅಸಹ್ಯ, ನಿಜ. ಆದರೆ ಸುಮ್ನೆ ಇರುವ ತಪ್ಪು ನಂಬರಿಗಿಂತ ಇದು ಎಷ್ಟೋ ವಾಸಿ, ಕಣ್ಣಿಗಾದರೂ ಬೀಳುತ್ತದಲ್ಲ.

ಇದೆಲ್ಲ ಸಹಿ ಬೀಳುವ ತನಕ ಮಾತ್ರ. ಸಹಿಯಾದ ಮೇಲೆ ಹಳೆಯ ನಂಬರನ್ನು ಅಲುಗಾಡಿಸದಿರುವುದೇ ಒಳ್ಳೆಯದು. ಅಷ್ಟರಲ್ಲಿ ಪತ್ರ, ನೋಟಿಸ್ ಎಲ್ಲ ಆ ನಂಬರನ್ನೇ ಹಿಡಿದು ಓಡಾಡಿರುತ್ತವೆ. ಆಗ ಹೊಸ ಕಲಮನ್ನು 4.2ಎ ಅಂತ ನಡುವೆ ತೂರಿಸುತ್ತಾರೆ. ನಮ್ಮ ಸಂವಿಧಾನದಲ್ಲೂ ಹೀಗೇ. ಶಿಕ್ಷಣದ ಹಕ್ಕು 2002ರ ತಿದ್ದುಪಡಿಯಲ್ಲಿ 21ಎ ಆಗಿ ಸೇರಿತು, 22 ಇದ್ದಲ್ಲೇ ಇತ್ತು. ಕಲ್ಯಾಣ ಕರ್ನಾಟಕದ ವಿಶೇಷ ಸ್ಥಾನಮಾನ 371ಜೆ ಆಗಿದ್ದೂ ಇದೇ ಕ್ರಮದಲ್ಲಿ. ತೆಗೆದು ಹಾಕಿದ ಕಲಮಿಗೂ ಇದೇ ನಿಯಮ: ನಂಬರ್ ಉಳಿಸಿ, ಪಕ್ಕದಲ್ಲಿ 'ಕೈಬಿಡಲಾಗಿದೆ' ಅಂತ ಬರೆಯುತ್ತಾರೆ.