ಮಳೆ ಕಾಣದ ಬೆಟ್ಟಗಳು

ವಿಡಿಯೋ ಗೇಮಿನ ಒಂದು ಹಂತಕ್ಕೆ ಒಂದು ಕಿಲೋಮೀಟರ್ ಉದ್ದಗಲದ ಬೆಟ್ಟಸೀಮೆ ಬೇಕು ಎಂದುಕೊಳ್ಳೋಣ. ಕಂಪ್ಯೂಟರಿಗೆ ಅದು 1025 × 1025 ಬಿಂದುಗಳ ಜಾಲ. ಹೆಚ್ಚುಕಡಿಮೆ ಮೀಟರಿಗೊಂದು ಬಿಂದು, ಬಿಂದುವಿಗೊಂದು ಎತ್ತರ. ಹತ್ತು ಲಕ್ಷಕ್ಕೂ ಮೀರಿದ ಈ ಎತ್ತರಗಳನ್ನು ಕೈಯಿಂದ ತುಂಬುವವರು ಯಾರು? ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ‘ನಾಯ್ಸ್’ ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ಅದು ಕೊಡುವ ಸಂಖ್ಯೆಗಳಿಗೆ ಗೊತ್ತುಗುರಿ ಇರುವುದಿಲ್ಲ, ಆದರೂ ಅಕ್ಕಪಕ್ಕದವು ನುಣುಪಾಗಿ ಬೆಸೆದುಕೊಂಡಿರುತ್ತವೆ.

ಮೊದಲ ಪದರದ ಅಲೆಗಳಿಗೆ 500 ಮೀಟರ್ ಅಗಲ, 100 ಮೀಟರ್ ಎತ್ತರ ಕೊಡೋಣ. ಮುಂದಿನ ಪದರಕ್ಕೆ 250 ಮತ್ತು 50, ಅದರ ಮುಂದಿನದಕ್ಕೆ 125 ಮತ್ತು 25. ಹೀಗೆ ಏಳೆಂಟು ಪದರಗಳನ್ನು ಕೂಡಿಸಿದರೆ ಬೆಟ್ಟವೂ ಅದರ ಮೈಮೇಲಿನ ದಿಣ್ಣೆಗಳೂ ಮೂಡುತ್ತವೆ. ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಆದರೆ ಈ ನೆಲವನ್ನು ತಲೆಕೆಳಗು ಮಾಡಿ ನೋಡಿ: ಹೆಚ್ಚೇನೂ ಬದಲಾಗುವುದಿಲ್ಲ! ಶಿಖರಗಳಿರುವಷ್ಟೇ ಗುಂಡಿಗಳಿವೆ, ಗುಂಡಿಗಳಿಂದ ನೀರು ಹೊರಹೋಗಲು ದಾರಿಯಿಲ್ಲ. ನಿಜವಾದ ಕಣಿವೆಗಳು ಹಾಗಲ್ಲ, ಒಂದು ಇನ್ನೊಂದನ್ನು ಸೇರುತ್ತಾ ಇಳಿಯುತ್ತವೆ.

ಆದ್ದರಿಂದ ಮಳೆ ಸುರಿಸಬೇಕು. ಲಕ್ಷಾಂತರ ಹನಿಗಳನ್ನು ಒಂದೊಂದಾಗಿ ಎಲ್ಲೆಂದರಲ್ಲಿ ಬೀಳಿಸಿ, ಇಳಿಜಾರಿನತ್ತ ಹರಿಯಬಿಡುತ್ತಾರೆ. ಹನಿ ಎಷ್ಟು ಮಣ್ಣನ್ನು ಹೊರಬಲ್ಲದು ಎಂಬುದು ಅದರ ವೇಗ, ನೀರಿನ ಪ್ರಮಾಣ ಮತ್ತು ಇಳಿಜಾರಿಗೆ ತಕ್ಕಂತೆ ನಿರ್ಧಾರವಾಗುತ್ತದೆ. ಹೊರೆ ಆ ಮಿತಿಗಿಂತ ಕಡಿಮೆಯಿದ್ದರೆ ಹನಿ ನೆಲವನ್ನು ಕೊರೆಯುತ್ತದೆ. ಸಮತಟ್ಟಿಗೆ ಬಂದು ಮಿತಿ ಕುಸಿದಾಗ ಹೆಚ್ಚಾದುದನ್ನು ಹೂಳಾಗಿ ಬಿಡುತ್ತದೆ. ಮೊದಲು ಕೊರೆದ ಗೀರಿಗೆ ಮುಂದಿನ ಹನಿಗಳೂ ಜಾರುವುದರಿಂದ ಗೀರು ಹಳ್ಳವಾಗುತ್ತದೆ. ಒಂದೇ ಬಿಂದುವಿನಿಂದ ಮಣ್ಣು ತೆಗೆದರೆ ನೆಲವೆಲ್ಲ ಸೂಜಿಯಿಂದ ಚುಚ್ಚಿದಂತಾಗುತ್ತದೆ. ಅದಕ್ಕೇ ಕೊರೆತವನ್ನು ಸುತ್ತಲಿನ ಎರಡು ಮೂರು ಮೀಟರಿಗೆ ಹಂಚಬೇಕು. ಎತ್ತರವನ್ನು 8 ಬಿಟ್‌ಗಳಲ್ಲಿ ಉಳಿಸುವುದೂ ಕೂಡದು. 200 ಮೀಟರ್ ಎತ್ತರಕ್ಕೆ 256 ಮಟ್ಟಗಳಷ್ಟೇ ಸಿಕ್ಕರೆ ಒಂದೊಂದು ಮೆಟ್ಟಿಲೂ ಮುಕ್ಕಾಲು ಮೀಟರಿನದಾಗುತ್ತದೆ, ಇಳಿಜಾರೆಲ್ಲ ಗದ್ದೆಯ ಬದುಗಳಂತೆ ಕಾಣುತ್ತದೆ. 16 ಬಿಟ್‌ಗಳಾದರೆ ಅದೇ ಅಂತರ ಸುಮಾರು 3 ಮಿಲಿಮೀಟರ್.

ಇನ್ನು ಬಣ್ಣ. ‘ಸ್ಪ್ಲಾಟ್ ಮ್ಯಾಪ್’ ನೆಲದ ಮೇಲೆ ಹೊದಿಸಿದ ಒಂದು ಚಿತ್ರ. ಅದರ ಕೆಂಪು, ಹಸಿರು, ನೀಲಿ ಮತ್ತು ಆಲ್ಫಾ ವಾಹಿನಿಗಳು ಆಯಾ ಜಾಗದಲ್ಲಿ ಬಂಡೆ, ಹುಲ್ಲು, ಜಲ್ಲಿ, ಮಣ್ಣು ಎಷ್ಟೆಷ್ಟು ಬೆರೆಯಬೇಕೆಂದು ಹೇಳುತ್ತವೆ. ನಾಲ್ಕರ ಮೊತ್ತ 1 ಆಗಬೇಕು. ಇಲ್ಲದಿದ್ದರೆ ಅಲ್ಲಲ್ಲಿ ನೆಲ ಕಪ್ಪಿಡುತ್ತದೆ ಅಥವಾ ವಿಪರೀತ ಬೆಳ್ಳಗಾಗುತ್ತದೆ. ಹಲವರು ಇಳಿಜಾರನ್ನಷ್ಟೇ ನೋಡುತ್ತಾರೆ: ಕಡಿದಾದಲ್ಲಿ ಬಂಡೆ, ಉಳಿದೆಡೆ ಹುಲ್ಲು. ನನಗೆ ಇದು ಸೋಮಾರಿತನವೆನಿಸುತ್ತದೆ. ಹನಿಗಳು ಎಲ್ಲಿ ಹೂಳು ಬಿಟ್ಟವು, ಯಾವ ದಾರಿಯಲ್ಲಿ ಹೆಚ್ಚು ಹರಿದವು ಎಂಬುದನ್ನು ಸವೆತದ ವೇಳೆಯಲ್ಲೇ ದಾಖಲಿಸಿಕೊಂಡರೆ, ಮಣ್ಣು ಕಣಿವೆಯ ತಳದಲ್ಲೂ ಜಲ್ಲಿ ಹಳ್ಳದ ಪಾತ್ರದಲ್ಲೂ ತಾನಾಗಿ ಕೂರುತ್ತದೆ.

ಒಂದು ತೊಡಕಿದೆ. ಆಮೇಲೆ ಯಾರಾದರೂ ಕೋಟೆಗೆಂದು ಒಂದು ಗುಡ್ಡವನ್ನು ಕೈಯಿಂದ ಸಮ ಮಾಡಿದರೆ ಆ ದಾಖಲೆ ಅಲ್ಲಿ ಹಳತಾಗುತ್ತದೆ. ಹಳ್ಳವೇ ಇಲ್ಲದ ಅಂಗಳದಲ್ಲಿ ಜಲ್ಲಿಯ ಪಟ್ಟೆ ಉಳಿದುಬಿಡುತ್ತದೆ. ಅದಕ್ಕೇ ಕೋಟೆಯ ಜಾಗವನ್ನು ಮಳೆಗೆ ಮೊದಲೇ ಗುರುತಿಸಿ, ಅಲ್ಲಿ ಕೊರೆತವನ್ನು ತಡೆಹಿಡಿಯುವುದು ಒಳ್ಳೆಯದು.